95 ಮತ್ತು 100 ಒಂದೇ ಆಗುವ ಮಾತ್ರೆ: ಹೊರದೇಶದ ಬ್ರಾಂಡ್ ಗುರುತಿಸುವಾಗ ನಾನು ನೋಡುವುದೇನು

ನಾನು ಫಾರ್ಮಸಿಸ್ಟ್ ಆಗಿ ಕೆಲಸ ಮಾಡುವ ಅಂಗಡಿಗೆ ಬೇರೆ ಬೇರೆ ದೇಶಗಳಿಂದ ಬಂದವರು ತಮ್ಮೂರಿನ ಮಾತ್ರೆಯ ಖಾಲಿ ಸ್ಟ್ರಿಪ್ ಹಿಡಿದುಕೊಂಡು ಬಂದು, ಇದೇ ಮಾತ್ರೆ ಬೇಕೆಂದು ಕೇಳುವುದು ಸಾಮಾನ್ಯ. ಅವರು ತೋರಿಸುವ ಬ್ರಾಂಡ್ ಹೆಸರು ನಮ್ಮ ಕಪಾಟಿನಲ್ಲಿ ಇಲ್ಲದಿದ್ದರೆ ನನಗೆ ಅಷ್ಟು ಆತಂಕವಾಗುವುದಿಲ್ಲ, ಏಕೆಂದರೆ ಆಗ ಎಲ್ಲರೂ ಹುಡುಕಿ, ವಿಚಾರಿಸಿ, ನಿಧಾನವಾಗಿಯೇ ಮುಂದುವರಿಯುತ್ತಾರೆ. ಅದೇ ಹೆಸರು ಇಲ್ಲಿಯೂ ಸಿಕ್ಕಿಬಿಟ್ಟಾಗಲೇ ನಾನು ಹೆಚ್ಚು ಎಚ್ಚರವಾಗುತ್ತೇನೆ. ಅಮೆರಿಕದಲ್ಲಿ ಫ್ಲೋಮ್ಯಾಕ್ಸ್ ಎಂದರೆ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್. ಇಟಲಿಯಲ್ಲಿ ಅದೇ ಹೆಸರಿನಲ್ಲಿ ಮಾರಾಟವಾದದ್ದು ಮಾರ್ನಿಫ್ಲುಮೇಟ್ ಎಂಬ ಉರಿಯೂತದ ಔಷಧಿ. ಡಿಲಾಕೋರ್ ಎಂಬ ಹೆಸರು ಅಮೆರಿಕದಲ್ಲಿ ರಕ್ತದೊತ್ತಡದ ಡಿಲ್ಟಿಯಾಜೆಮ್‌ಗೆ ಸಲ್ಲುತ್ತಿದ್ದರೆ, ಸರ್ಬಿಯಾದಲ್ಲಿ ಅದು ಡಿಗಾಕ್ಸಿನ್‌ಗೆ ಸಲ್ಲುತ್ತಿತ್ತು. ಡಿಗಾಕ್ಸಿನ್‌ನಲ್ಲಿ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಹೀಗಾಗಿ ಬ್ರಾಂಡ್ ಹೆಸರಿನಿಂದ ಔಷಧಿಯನ್ನು ನಿರ್ಧರಿಸುವ ಅಭ್ಯಾಸವನ್ನು ನಾನು ಇಟ್ಟುಕೊಂಡಿಲ್ಲ.

ಹಾಗಿದ್ದರೆ ಯಾವುದನ್ನು ನೋಡಬೇಕು? ಪೆಟ್ಟಿಗೆಯ ಮೇಲೆ ಬ್ರಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇರುವ ಮೂಲ ಔಷಧಿಯ ಹೆಸರನ್ನು, ಅಂದರೆ ಜೆನೆರಿಕ್ ಹೆಸರನ್ನು. ವಿಶ್ವ ಆರೋಗ್ಯ ಸಂಸ್ಥೆ ಪ್ರತಿಯೊಂದು ಮೂಲ ಔಷಧಿಗೂ ಜಗತ್ತಿಗೆಲ್ಲ ಒಪ್ಪಿತವಾದ ಒಂದೇ ಹೆಸರು ಕೊಡುವ ಕೆಲಸವನ್ನು 1950ರಲ್ಲಿ ಕೈಗೆತ್ತಿಕೊಂಡು, 1953ರಲ್ಲಿ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಕೆಲವು ದೇಶಗಳಲ್ಲಿ ಬಳಕೆಯಲ್ಲಿ ಬೇರೂರಿದ ಕೆಲವು ಬೇರೆ ಹೆಸರುಗಳು ಮಾತ್ರ ಹಾಗೆಯೇ ಉಳಿದಿವೆ. ಉಳಿದ ಕಡೆ ಪ್ಯಾರಾಸಿಟಮಾಲ್ ಎನ್ನುವುದನ್ನು ಅಮೆರಿಕದಲ್ಲಿ ಅಸೆಟಮಿನೋಫೆನ್ ಎನ್ನುತ್ತಾರೆ. ಇಂಥವು ಕೆಲವೇ ಇರುವುದರಿಂದ ನೆನಪಿಟ್ಟುಕೊಳ್ಳಬಹುದು.

ಆದರೆ ಜೆನೆರಿಕ್ ಹೆಸರು ಹೊಂದಿಕೆಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎನ್ನುವುದನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿದ್ದು ಮೆಟೊಪ್ರೊಲಾಲ್. ರಕ್ತದೊತ್ತಡ, ಎದೆನೋವು ಮತ್ತು ಹೃದಯದ ದೌರ್ಬಲ್ಯಕ್ಕೆ ಬಳಸುವ ಈ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ಜರ್ಮನಿಯಿಂದ ಬಂದಿದ್ದರು. ಮಾತ್ರೆ ಮುಗಿದು ಒಂದು ದಿನವಾಗಿತ್ತು. ಅವರ ಬಳಿ ಇದ್ದದ್ದು ಕತ್ತರಿಸಿದ ಸ್ಟ್ರಿಪ್‌ನ ಒಂದು ತುಂಡು; ಅದರ ಮೇಲೆ ಬೆಲಾಕ್-ಜೋಕ್ ಎಂಬ ಹೆಸರು ಮತ್ತು 95 ಮಿ.ಗ್ರಾಂ ಎಂಬ ಸಂಖ್ಯೆ ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ. ಜರ್ಮನಿಯ ಔಷಧಿ ಪಟ್ಟಿಯಲ್ಲಿ ನೋಡಿದಾಗ ಅದು ಮೆಟೊಪ್ರೊಲಾಲ್ ಸಕ್ಸಿನೇಟ್ ಎಂದು ಗೊತ್ತಾಯಿತು. ನಮ್ಮ ಕಪಾಟಿನಲ್ಲಿ ಮೆಟೊಪ್ರೊಲಾಲ್‌ನ ಎರಡು ಪೆಟ್ಟಿಗೆಗಳಿದ್ದವು. ಎರಡರ ಮೇಲೂ 100 ಎಂದೇ ಇತ್ತು, 95 ಎಂಬುದು ಎಲ್ಲಿಯೂ ಇರಲಿಲ್ಲ. ಒಂದು ಸಕ್ಸಿನೇಟ್, ಇನ್ನೊಂದು ಟಾರ್ಟ್ರೇಟ್.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕಾಗುತ್ತದೆ. ಮೆಟೊಪ್ರೊಲಾಲ್ ಅನ್ನು ಮಾತ್ರೆಯಾಗಿಸಲು ಅದನ್ನು ಒಂದು ಆಮ್ಲದೊಂದಿಗೆ ಸೇರಿಸಿ ಲವಣವಾಗಿ ಮಾಡುತ್ತಾರೆ. ಸಕ್ಸಿನಿಕ್ ಆಮ್ಲ ಟಾರ್ಟಾರಿಕ್ ಆಮ್ಲಕ್ಕಿಂತ ಹಗುರವಾದದ್ದು. ಹೀಗಾಗಿ ಅಷ್ಟೇ ಮೆಟೊಪ್ರೊಲಾಲ್ ಇದ್ದರೂ ಸಕ್ಸಿನೇಟ್ ಲವಣದ ತೂಕ ಸ್ವಲ್ಪ ಕಡಿಮೆ ಬರುತ್ತದೆ. 95 ಮಿ.ಗ್ರಾಂ ಸಕ್ಸಿನೇಟ್‌ನಲ್ಲಿಯೂ 100 ಮಿ.ಗ್ರಾಂ ಟಾರ್ಟ್ರೇಟ್‌ನಲ್ಲಿಯೂ ಇರುವ ಮೂಲ ಮೆಟೊಪ್ರೊಲಾಲ್ ಲೆಕ್ಕ ಹಾಕಿದರೆ ಸುಮಾರು 78 ಮಿ.ಗ್ರಾಂ. ಕೆಲವು ದೇಶಗಳಲ್ಲಿ ಸಕ್ಸಿನೇಟ್‌ನ ನಿಜವಾದ ತೂಕವನ್ನೇ ಪೆಟ್ಟಿಗೆಯ ಮೇಲೆ ಮುದ್ರಿಸುತ್ತಾರೆ, ಅಲ್ಲಿ 23.75, 47.5, 95, 190 ಎಂಬ ಸಂಖ್ಯೆಗಳು ಕಾಣಿಸುತ್ತವೆ. ಅಮೆರಿಕದಂಥ ಕಡೆ ಅದೇ ಮಾತ್ರೆಗೆ ಟಾರ್ಟ್ರೇಟ್‌ಗೆ ಸಮನಾದ ಸಂಖ್ಯೆಯನ್ನು ಮುದ್ರಿಸುತ್ತಾರೆ. ಅಲ್ಲಿ ಅವೇ 25, 50, 100, 200 ಆಗುತ್ತವೆ. ಪೆಟ್ಟಿಗೆಯೊಳಗಿನ ಮಾಹಿತಿ ಹಾಳೆಯಲ್ಲಿ ಈ ಎರಡೂ ಸಂಖ್ಯೆಗಳು ಒಂದೇ ವಾಕ್ಯದಲ್ಲಿ ಸಿಗುತ್ತವೆ. ನಮ್ಮ ಸಕ್ಸಿನೇಟ್ ಪೆಟ್ಟಿಗೆಯ ಹಾಳೆಯಲ್ಲಿಯೂ 95 ಮಿ.ಗ್ರಾಂ ಸಕ್ಸಿನೇಟ್ 100 ಮಿ.ಗ್ರಾಂ ಟಾರ್ಟ್ರೇಟ್‌ಗೆ ಸಮ ಎಂದೇ ಬರೆದಿತ್ತು. ಹಿರಿಯರಿಗೆ ಆ ಹಾಳೆಯನ್ನೇ ತೋರಿಸಿ ವಿವರಿಸಿದೆ, ಏಕೆಂದರೆ ಸಂಖ್ಯೆ ಬದಲಾದದ್ದನ್ನು ಕಂಡು ಪ್ರಮಾಣ ಹೆಚ್ಚಾಗಿದೆ ಎಂದುಕೊಂಡು ಮಾತ್ರೆಯ ಮೂಲೆಯನ್ನು ಮುರಿದು ನುಂಗುವವರೂ ಇದ್ದಾರೆ.

ಇನ್ನು ಎರಡನೆಯ ಪೆಟ್ಟಿಗೆಯ ವಿಷಯ. ಅದರಲ್ಲಿಯೂ ಅಷ್ಟೇ ಮೆಟೊಪ್ರೊಲಾಲ್ ಇದೆಯಲ್ಲ, ಅದನ್ನೇ ಕೊಟ್ಟರಾಗದೇ ಎಂದು ಕೇಳಬಹುದು. ಆಗದು. ಸಕ್ಸಿನೇಟ್ ಮಾತ್ರೆ ಔಷಧಿಯನ್ನು ಸುಮಾರು ಒಂದು ಹಗಲು ಒಂದು ರಾತ್ರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಆದ್ದರಿಂದ ದಿನಕ್ಕೆ ಒಂದು ಸಾಕು. ಸಾಮಾನ್ಯ ಟಾರ್ಟ್ರೇಟ್ ಮಾತ್ರೆ ಬೇಗನೆ ಕರಗಿ ರಕ್ತಕ್ಕೆ ಸೇರಿ ಬೇಗನೆ ಇಳಿಯುತ್ತದೆ, ಅದನ್ನು ಹೆಚ್ಚಾಗಿ ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ದಿನಕ್ಕೊಂದು ಮಾತ್ರೆಯ ರೂಢಿಯಲ್ಲೇ 100 ಮಿ.ಗ್ರಾಂ ಟಾರ್ಟ್ರೇಟ್ ನುಂಗಿದವರಿಗೆ ಮೊದಲ ಕೆಲವು ಗಂಟೆಗಳಲ್ಲಿ ನಾಡಿಬಡಿತ ತೀರಾ ನಿಧಾನವಾಗಿ ತಲೆ ಸುತ್ತು ಬರಬಹುದು, ರಾತ್ರಿಯ ಹೊತ್ತಿಗೆ ರಕ್ಷಣೆ ಇಲ್ಲದಂತಾಗಬಹುದು. ಹೃದಯದ ದೌರ್ಬಲ್ಯಕ್ಕೆ ಉಪಯೋಗ ಸಾಬೀತಾಗಿರುವುದೂ ಸಕ್ಸಿನೇಟ್‌ನ ಈ ನಿಧಾನ ರೂಪಕ್ಕೇ.

ಈ ವ್ಯತ್ಯಾಸದ ಸುಳಿವು ಬ್ರಾಂಡ್ ಹೆಸರಿನ ಕೊನೆಯ ಪುಟ್ಟ ಅಕ್ಷರಗಳಲ್ಲಿ ಇರುತ್ತದೆ. ಎಕ್ಸ್‌ಎಲ್, ಎಕ್ಸ್‌ಆರ್, ಇಆರ್, ಸಿಆರ್, ರಿಟಾರ್ಡ್, ಫ್ರಾನ್ಸ್‌ನ ಪೆಟ್ಟಿಗೆಗಳಲ್ಲಿ ಎಲ್‌ಪಿ, ಮೆಟೊಪ್ರೊಲಾಲ್‌ಗೆ ಜೋಕ್: ಇವೆಲ್ಲ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯ ಗುರುತುಗಳು. ಗಿರಾಕಿಗಳು ಹೆಸರು ಹೇಳುವಾಗ ಬಿಟ್ಟುಬಿಡುವುದೂ ಇದೇ ಬಾಲವನ್ನು. ಆದ್ದರಿಂದ ಪೆಟ್ಟಿಗೆ ಇಲ್ಲದೆ ಬಂದವರನ್ನು ನಾನು ತಪ್ಪದೆ ಕೇಳುವ ಪ್ರಶ್ನೆ, ‘ನೀವು ಈ ಮಾತ್ರೆಯನ್ನು ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳುತ್ತೀರಿ?’ ಎಂಬುದು. ಒಮ್ಮೆ ಎಂದರೆ ನಿಧಾನ ರೂಪವಿರಬಹುದು, ಎರಡು ಸಲ ಎಂದರೆ ಸಾಮಾನ್ಯ ರೂಪವಿರಬಹುದು. ಇದು ಊಹೆಯಷ್ಟೇ, ಪುರಾವೆಯಲ್ಲ. ಮಾತ್ರೆಯ ಬಣ್ಣ ಮತ್ತು ಆಕಾರವಂತೂ ಪ್ರತಿ ಕಂಪನಿಗೂ ಬೇರೆಯಾಗುವುದರಿಂದ ಅದಕ್ಕಿಂತಲೂ ದುರ್ಬಲ ಆಧಾರ.

ಹೆಸರಿನ ಕೊನೆಯಲ್ಲಿ ‘ಓಲಾಲ್’ ಎಂದು ಬರುವ ಅಟೆನೊಲಾಲ್, ಬಿಸೊಪ್ರೊಲಾಲ್ ಕೂಡ ಇದೇ ಬಳಗದವು. ಔಷಧಿ ಸಿಗದಾಗ ಇವುಗಳಲ್ಲೊಂದನ್ನು ಕೊಡಿ ಎಂದು ಕೆಲವರು ಒತ್ತಾಯಿಸುತ್ತಾರೆ. ಬಿಸೊಪ್ರೊಲಾಲ್ ಸಾಮಾನ್ಯವಾಗಿ 10 ಮಿ.ಗ್ರಾಂ ಒಳಗೇ ಸಾಕಾಗುವ ಔಷಧಿ. ಅದನ್ನು ಮೆಟೊಪ್ರೊಲಾಲ್‌ನ ಸಂಖ್ಯೆಯೊಂದಿಗೆ ಹೋಲಿಸುವಂತಿಲ್ಲ. ಅಂಥ ಬದಲಾವಣೆ ವೈದ್ಯರು ಮಾಡಬೇಕಾದದ್ದು.

ಆ ಹಿರಿಯರಿಗೂ ನಾನು ನೇರವಾಗಿ ಮಾತ್ರೆ ಕೊಡಲಿಲ್ಲ. ಈ ಔಷಧಿಗೆ ಇಲ್ಲಿನ ವೈದ್ಯರ ಚೀಟಿ ಬೇಕು. ಇದನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಹೆಚ್ಚಾಗುವ ಅಪಾಯವಿರುವುದರಿಂದ ಅದೇ ದಿನ ವೈದ್ಯರನ್ನು ಕಾಣುವಂತೆ ಹೇಳಿ, ಒಂದು ಹಾಳೆಯಲ್ಲಿ ಹೀಗೆ ಬರೆದುಕೊಟ್ಟೆ: ಮೆಟೊಪ್ರೊಲಾಲ್ ಸಕ್ಸಿನೇಟ್, ನಿಧಾನ ಬಿಡುಗಡೆಯ ಮಾತ್ರೆ, ಜರ್ಮನಿಯಲ್ಲಿ 95 ಮಿ.ಗ್ರಾಂ, ಇಲ್ಲಿನ 100 ಮಿ.ಗ್ರಾಂಗೆ ಸಮ, ದಿನಕ್ಕೆ ಒಂದು. ಸಂಜೆ ಅವರು ಚೀಟಿಯೊಂದಿಗೆ ಮರಳಿದಾಗ, ಹೊಸ ಪೆಟ್ಟಿಗೆಯ ಮೇಲೆ ಬೆಲಾಕ್-ಜೋಕ್‌ನ ಬದಲಿಗೆ ಎಂದು ದೊಡ್ಡದಾಗಿ ಬರೆದೆ. ಹಾಗೆ ಬರೆಯದಿದ್ದರೆ, ಊರಿಗೆ ಹಿಂದಿರುಗಿದ ಮೇಲೆ ಇವು ಎರಡು ಬೇರೆ ಔಷಧಿಗಳೆಂದು ತಿಳಿದು ಹಳೆಯದನ್ನೂ ಹೊಸದನ್ನೂ ಒಟ್ಟಿಗೇ ನುಂಗುವ ಸಾಧ್ಯತೆ ಇರುತ್ತದೆ.