ಗುಡ್ಡದ ಮನೆಗಳನ್ನು ಎಷ್ಟು ಕಡಿಮೆ ಮಾಡಬೇಕು?

"ಮೇಡಂ, ಸರ್ವೆಯಲ್ಲಿ ಗುಡ್ಡದ ಮನೆಗೆ ಪೇಟೆ ಮನೆಗಿಂತ ಒಂಬತ್ತು ಪಟ್ಟು ಖರ್ಚು ಬರುತ್ತೆ. ಹಾಗಿದ್ರೆ ಅಲ್ಲಿ ಸ್ಯಾಂಪಲ್ಲನ್ನೂ ಒಂಬತ್ತು ಪಟ್ಟು ಇಳಿಸಬಹುದಲ್ವಾ? ಸ್ಯಾಂಪಲ್ ಹಂಚುವ ಸೂತ್ರದಲ್ಲಿ ಈ ವರ್ಗಮೂಲ ಯಾಕೆ ಬಂತು?"

ಒಂಬತ್ತು ಪಟ್ಟು ಇಳಿಸಬಾರದು, ಮೂರೇ ಪಟ್ಟು ಇಳಿಸಬೇಕು. ಒಂಬತ್ತು ಪಟ್ಟು ಇಳಿಸಿದರೆ ಆಗುವ ನಷ್ಟ, ಖರ್ಚನ್ನು ಲೆಕ್ಕಕ್ಕೇ ತಗೊಳ್ಳದೆ ಹೋದರೆ ಆಗುವ ನಷ್ಟಕ್ಕೆ ಸರಿಸಮ. ಮೊದಲ ಸಲ ಇದನ್ನು ಕಾಗದದ ಮೇಲೆ ಮಾಡಿ ನೋಡಿದಾಗ ನನಗೇ ನಂಬಿಕೆ ಬರಲಿಲ್ಲ. ಅದಕ್ಕೇ ಅಂಕಿ ಇಟ್ಟುಕೊಂಡೇ ಹೇಳುತ್ತೇನೆ.

ಒಂದು ಮಲೆನಾಡಿನ ತಾಲ್ಲೂಕು ಅಂದುಕೊಳ್ಳಿ. ಒಂದು ಮನೆಗೆ ವರ್ಷಕ್ಕೆ ಸರಾಸರಿ ಎಷ್ಟು ಔಷಧದ ಖರ್ಚು ಬರುತ್ತದೆ ಎಂದು ತಿಳಿಯಬೇಕು. ಮನೆಗಳನ್ನು ಮೂರು ಸ್ತರಗಳಾಗಿ ಒಡೆದಿದ್ದೇವೆ: ಪೇಟೆಯಲ್ಲಿ 20,000 ಮನೆ, ರಸ್ತೆ ಬದಿಯ ಊರುಗಳಲ್ಲಿ 20,000, ಗುಡ್ಡದ ಒಂಟಿ ಮನೆಗಳು 10,000. ಇವೆಲ್ಲ ಲೆಕ್ಕ ಸುಲಭವಾಗಲಿ ಎಂದು ನಾನೇ ಇಟ್ಟುಕೊಂಡ ಅಂಕಿಗಳು.

ಸರ್ವೆಗೆ ಹೋದ ಹುಡುಗರ ಒಂದು ದಿನದ ಲೆಕ್ಕ ಹಾಕಿದರೆ ಒಂದು ಮನೆಯ ಸರ್ವೆಗೆ ಬೀಳುವ ಖರ್ಚು ಗೊತ್ತಾಗುತ್ತದೆ. ಪೇಟೆಯಲ್ಲಿ ಒಬ್ಬರಿಗೆ ದಿನದ ಕೂಲಿ, ಓಡಾಟ ಸೇರಿ 1,200 ರೂಪಾಯಿ. ಹನ್ನೆರಡು ಮನೆ ಮುಗಿಯುತ್ತದೆ. ಮನೆಗೆ 100 ಬಿತ್ತು. ರಸ್ತೆ ಬದಿಯ ಊರಲ್ಲಿ ದಿನಕ್ಕೆ 1,350, ಆರು ಮನೆ. ಅಂದರೆ ಮನೆಗೆ 225. ಗುಡ್ಡದಲ್ಲಿ ಜೀಪಿನ ಪಾಲು ಸೇರಿ 1,800. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಹಳ್ಳ ದಾಟಿ ನಡೆಯಬೇಕು. ದಿನಕ್ಕೆ ಎರಡು ಮನೆಯಾದರೆ ದೊಡ್ಡದು. ಮನೆಗೆ 900.

ಇನ್ನು ಮನೆಯಿಂದ ಮನೆಗೆ ಔಷಧದ ಖರ್ಚು ಎಷ್ಟು ಏರುಪೇರಾಗುತ್ತದೆ ಎನ್ನುವುದು ಬೇಕು. ಇದೇ ಸ್ಟ್ಯಾಂಡರ್ಡ್ ಡೀವಿಯೇಶನ್. ಪೇಟೆಯಲ್ಲಿ 2,000, ಊರುಗಳಲ್ಲಿ 1,500, ಗುಡ್ಡದಲ್ಲಿ 3,000 ಎಂದಿರಲಿ. ಗುಡ್ಡದಲ್ಲಿ ಜಾಸ್ತಿ ಇಟ್ಟಿದ್ದಕ್ಕೆ ಕಾರಣ ಇದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ವರ್ಷವಿಡೀ ಖರ್ಚೇ ಇರುವುದಿಲ್ಲ. ಬಂತು ಎಂದರೆ ಜೀಪು ಬಾಡಿಗೆ, ದೂರದ ಆಸ್ಪತ್ರೆ, ಎಲ್ಲ ಒಟ್ಟಿಗೇ ಬರುತ್ತದೆ.

ಮನೆ ಮನೆ ತಿರುಗುವ ಕೆಲಸಕ್ಕೆ ಕೈಯಲ್ಲಿರುವುದು 2,10,000 ರೂಪಾಯಿ. ಕಚೇರಿ ಖರ್ಚು, ತರಬೇತಿ, ಪ್ರಶ್ನಾವಳಿ ಎಲ್ಲ ಕಳೆದ ಮೇಲೆ ಉಳಿದದ್ದು ಇದು.

ಸೂತ್ರ ಹೇಳುವುದು ಇಷ್ಟು: ಪ್ರತಿ ಸ್ತರದಲ್ಲಿ ಮನೆಗಳ ಸಂಖ್ಯೆಯನ್ನು ಏರುಪೇರಿನಿಂದ ಗುಣಿಸಿ, ಸರ್ವೆ ಖರ್ಚಿನ ವರ್ಗಮೂಲದಿಂದ ಭಾಗಿಸಿ. ಬಂದ ಅನುಪಾತದಲ್ಲಿ ಸ್ಯಾಂಪಲ್ ಹಂಚಿ.

```
N <- c(20000, 20000, 10000)
S <- c(2000, 1500, 3000)
cost <- c(100, 225, 900)
a <- N * S / sqrt(cost)
n <- a * 210000 / sum(a * cost)
n   # 480 240 120
```

ಪೇಟೆಗೆ 480, ಊರುಗಳಿಗೆ 240, ಗುಡ್ಡಕ್ಕೆ 120. ಈ ಹಂಚಿಕೆಯಲ್ಲಿ ತಾಲ್ಲೂಕಿನ ಸರಾಸರಿಯ ಸ್ಟ್ಯಾಂಡರ್ಡ್ ಎರರ್, ಅಂದರೆ ನಮ್ಮ ಅಂದಾಜು ನಿಜವಾದ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದು ಎನ್ನುವ ಅಳತೆ, ಸುಮಾರು 76 ರೂಪಾಯಿ.

ಈಗ ನೀವು ಹೇಳಿದ ಹಾಗೆ ವರ್ಗಮೂಲ ಬಿಟ್ಟು, ಖರ್ಚಿನಿಂದಲೇ ನೇರವಾಗಿ ಭಾಗಿಸೋಣ. ಅದೇ ದುಡ್ಡಿಗೆ ಪೇಟೆಯಲ್ಲಿ 840, ಊರುಗಳಲ್ಲಿ 280, ಗುಡ್ಡದಲ್ಲಿ 70 ಮನೆ ಸಿಗುತ್ತದೆ. ಒಟ್ಟು 1,190 ಮನೆ! ಮೊದಲಿನದು 840 ಮಾತ್ರ. ಆದರೆ ಸ್ಟ್ಯಾಂಡರ್ಡ್ ಎರರ್ 85ಕ್ಕೆ ಏರುತ್ತದೆ. ಮನೆ ಜಾಸ್ತಿ ಆಯಿತು, ಉತ್ತರ ಕೆಟ್ಟಿತು. ವರದಿಯಲ್ಲಿ ದೊಡ್ಡ ಸ್ಯಾಂಪಲ್ ಕಂಡ ಕೂಡಲೇ ಖುಷಿಪಡುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನೊಂದು ತುದಿಗೆ ಹೋಗೋಣ. ಖರ್ಚನ್ನು ಪೂರ್ತಿ ಮರೆತು, ಮನೆ ಸಂಖ್ಯೆ ಮತ್ತು ಏರುಪೇರು ಮಾತ್ರ ನೋಡಿ ಹಂಚಿದರೆ ಅದೇ ದುಡ್ಡಿಗೆ ಸುಮಾರು 222, 167, 167 ಮನೆ ಬರುತ್ತದೆ. ಇದು ಸಂಖ್ಯಾಶಾಸ್ತ್ರಜ್ಞ ನೇಮನ್ ಅವರ 1934ರ ಪ್ರಬಂಧದಿಂದ ಹೆಸರಾದ ಹಂಚಿಕೆ. ಎಲ್ಲ ಕಡೆ ಖರ್ಚು ಒಂದೇ ಇದ್ದಾಗ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲಿ ಮಾತ್ರ ಅದರ ಸ್ಟ್ಯಾಂಡರ್ಡ್ ಎರರ್ ಕೂಡ 85. ಇದು ಕಾಕತಾಳೀಯವಲ್ಲ. ಬೇರೆ ಯಾವ ಅಂಕಿ ಹಾಕಿದರೂ ಈ ಎರಡು ತುದಿಗಳ ನಷ್ಟ ಒಂದೇ ಬರುತ್ತದೆ. ವರ್ಗಮೂಲ ಇರುವುದು ಸರಿಯಾಗಿ ಇವೆರಡರ ನಡುವೆ.

ಯಾಕೆ ನಡುವೆ? ಒಂದೊಂದು ರೂಪಾಯಿ ಎಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಒಂದು ಸ್ತರದಲ್ಲಿ ಈಗಾಗಲೇ ಬೇಕಾದಷ್ಟು ಮನೆ ಇದ್ದರೆ, ಇನ್ನೊಂದು ಮನೆ ಸೇರಿಸಿದಾಗ ಸಿಗುವ ಲಾಭ ತೀರಾ ಸಣ್ಣದು. ಸ್ಯಾಂಪಲ್ ಮೂರು ಪಟ್ಟಾದರೆ ಮುಂದಿನ ಒಂದು ಮನೆಯ ಲಾಭ ಮೂರನೇ ಒಂದಕ್ಕಲ್ಲ, ಒಂಬತ್ತನೇ ಒಂದಕ್ಕೆ ಇಳಿಯುತ್ತದೆ. ಮನೆಗಳ ಸಂಖ್ಯೆ ಲಾಭವನ್ನು ವರ್ಗದಲ್ಲಿ ಇಳಿಸುತ್ತದೆ, ಖರ್ಚು ನೇರವಾಗಿ ಇಳಿಸುತ್ತದೆ. ಒಂಬತ್ತು ಪಟ್ಟು ಖರ್ಚನ್ನು ಸರಿದೂಗಿಸಲು ಮೂರು ಪಟ್ಟು ಕಡಿತವೇ ಸಾಕು. ವರ್ಗಮೂಲ ಬಂದಿರುವುದು ಇಲ್ಲಿಂದ.

840, 280, 70ರ ಹಂಚಿಕೆಯನ್ನೇ ಮತ್ತೆ ತಗೊಳ್ಳಿ. ಪೇಟೆಯಲ್ಲಿ 90 ಮನೆ ಬಿಟ್ಟರೆ 9,000 ರೂಪಾಯಿ ಉಳಿಯುತ್ತದೆ. ಅದರಲ್ಲಿ ಗುಡ್ಡದ 10 ಮನೆಗೆ ಹೋಗಬಹುದು. ಪೇಟೆಯ ಕಡೆಯಿಂದ ವೇರಿಯನ್ಸ್, ಅಂದರೆ ಸ್ಟ್ಯಾಂಡರ್ಡ್ ಎರರಿನ ವರ್ಗ, ಸುಮಾರು 91ರಷ್ಟು ಏರುತ್ತದೆ, ಗುಡ್ಡದ ಕಡೆಯಿಂದ ಸುಮಾರು 643ರಷ್ಟು ಇಳಿಯುತ್ತದೆ. ತೊಂಬತ್ತು ಮನೆ ಬಿಟ್ಟು ಹತ್ತು ಮನೆ ತಗೊಂಡು ನಾವೇ ಗೆದ್ದೆವು. ಹೀಗೆ ದುಡ್ಡನ್ನು ಗುಡ್ಡದ ಕಡೆ ಸರಿಸುತ್ತಾ ಹೋದರೆ ಲಾಭ ಸಣ್ಣದಾಗುತ್ತಾ ಬಂದು 480, 240, 120ರಲ್ಲಿ ನಿಲ್ಲುತ್ತದೆ. ಅಲ್ಲಿ ಯಾವ ಸ್ತರದಿಂದ ಯಾವ ಸ್ತರಕ್ಕೆ ರೂಪಾಯಿ ಸರಿಸಿದರೂ ಲಾಭವಿಲ್ಲ.

ಆ ಅಂಕಿಗಳಲ್ಲಿ ಇನ್ನೊಂದು ವಿಷಯ ಅಡಗಿದೆ. ಊರುಗಳಲ್ಲಿ 20,000ಕ್ಕೆ 240, ಗುಡ್ಡದಲ್ಲಿ 10,000ಕ್ಕೆ 120. ಎರಡೂ ಕಡೆ ನೂರಕ್ಕೆ 1.2ರ ದರ. ಗುಡ್ಡದ ಮನೆಗೆ ನಾಲ್ಕು ಪಟ್ಟು ಖರ್ಚು ಇದ್ದರೂ ಹೀಗೆ! ನಾಲ್ಕರ ವರ್ಗಮೂಲ ಎರಡು, ಗುಡ್ಡದ ಏರುಪೇರೂ ಊರುಗಳದ್ದಕ್ಕಿಂತ ಎರಡು ಪಟ್ಟು. ಒಂದನ್ನೊಂದು ಸರಿಯಾಗಿ ಹೊಡೆದುಹಾಕಿತು. "ದೂರ ಇದೆ, ಕಡಿಮೆ ಮಾಡಿ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಅಲ್ಲಿಯ ಏರುಪೇರು ಎಷ್ಟು ಅಂತ.

ಸುಮ್ನೆ ಮನೆ ಸಂಖ್ಯೆಗೆ ತಕ್ಕಂತೆ 2:2:1 ಎಂದು ಹಂಚಿದ್ದರೆ? ಸುಮಾರು 271, 271, 135 ಮನೆ, ಸ್ಟ್ಯಾಂಡರ್ಡ್ ಎರರ್ 80. ನಮ್ಮ 76ಕ್ಕಿಂತ ಹೆಚ್ಚೇನೂ ಕೆಟ್ಟಿಲ್ಲ. ಖರ್ಚು ಮರೆತು ಏರುಪೇರು ಮಾತ್ರ ನೋಡಿದ್ದಕ್ಕಿಂತ ಎಷ್ಟೋ ವಾಸಿ. ಏರುಪೇರಿನ ಬಗ್ಗೆ ಏನೂ ತಿಳಿಯದಿದ್ದಾಗ ನಾನು ಇದನ್ನೇ ಮಾಡುತ್ತೇನೆ, ಸಂಕೋಚವಿಲ್ಲದೆ.

ಕೈಯಲ್ಲಿರುವ ಅಂದಾಜು ತಪ್ಪಾಗಿದ್ದರೆ ಏನಾಗುತ್ತದೆ ಎಂದೂ ನೋಡಬೇಕು. ಗುಡ್ಡದ ನಿಜವಾದ ಖರ್ಚು 900 ಇರುವಾಗ ನಾವು 450 ಎಂದುಕೊಂಡು ಅನುಪಾತ ಹಾಕಿದೆವು ಎನ್ನಿ. ಎರಡು ಪಟ್ಟಿನ ತಪ್ಪು. ಆದರೂ ಅದೇ ಬಜೆಟ್ಟಿಗೆ ಸ್ಟ್ಯಾಂಡರ್ಡ್ ಎರರ್ 76ರಿಂದ 78ರ ಹತ್ತಿರ ಹೋಗುತ್ತದೆ, ಅಷ್ಟೇ. ಗುಡ್ಡದ ಏರುಪೇರನ್ನು 3,000ದ ಬದಲು 1,500 ಎಂದುಕೊಂಡಿದ್ದರೆ 81 ಆಗುತ್ತಿತ್ತು. ಖರ್ಚಿನ ತಪ್ಪನ್ನು ವರ್ಗಮೂಲ ಮೆತ್ತಗೆ ಮಾಡುತ್ತದೆ, ಏರುಪೇರಿನ ತಪ್ಪಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಪೈಲಟ್ ಸರ್ವೆಗೆ ದುಡ್ಡಿದ್ದರೆ ಅದನ್ನು ಏರುಪೇರು ತಿಳಿಯಲು ಬಳಸಿ. ಖರ್ಚನ್ನು ಫೀಲ್ಡ್‌ನವರ ಜೊತೆ ಕೂತು ಮಾತಾಡಿದರೆ ಸಾಕಷ್ಟು ಸರಿಯಾಗಿ ಅಂದಾಜು ಮಾಡಬಹುದು.

ಮಾತಾಡುವಾಗ ಮಾತ್ರ ಸರಿಯಾದ ಪ್ರಶ್ನೆ ಕೇಳಬೇಕು. ಬೇಕಾದದ್ದು ಒಂದು ಭೇಟಿಯ ಖರ್ಚಲ್ಲ, ಪೂರ್ತಿಯಾದ ಒಂದು ಸಂದರ್ಶನದ ಖರ್ಚು. ಪೇಟೆಯಲ್ಲಿ ಬಾಗಿಲು ಹಾಕಿರುತ್ತಾರೆ, ಸಂಜೆ ಬನ್ನಿ ಎನ್ನುತ್ತಾರೆ. ಎರಡು ಸಲ ಹೋದರೆ 100 ಎಂದುಕೊಂಡದ್ದು 200ರ ಹತ್ತಿರ ಹೋಗುತ್ತದೆ. ಗುಡ್ಡದಲ್ಲಿ ಹೋಗುವುದು ಕಷ್ಟ, ಆದರೆ ಹೋದ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು ಮಾತಾಡುತ್ತಾರೆ.

ಸೂತ್ರ ನಿಜಕ್ಕೂ ಕೈಕೊಡುವ ಜಾಗ ಒಂದಿದೆ. ಒಂದೊಂದು ಮನೆಗೂ ಪ್ರತ್ಯೇಕವಾಗಿ ಖರ್ಚು ಬೀಳುತ್ತದೆ, ಅವನ್ನು ಕೂಡಿದರೆ ಒಟ್ಟು ಖರ್ಚು ಎಂದು ಅದು ನಂಬುತ್ತದೆ. ಗುಡ್ಡದಲ್ಲಿ ಖರ್ಚಿನ ದೊಡ್ಡ ಪಾಲು ಬೀಳುವುದು ಮನೆಗಲ್ಲ, ಪ್ರಯಾಣಕ್ಕೆ. ನಾನಿದ್ದ ಒಂದು ಸರ್ವೆಯಲ್ಲಿ ಹಂಚಿಕೆ ಸರಿಯಾಗಿಯೇ ಇತ್ತು. ಫೀಲ್ಡಿನಲ್ಲಿ ಜೀಪು ಉಳಿಸಲು ಒಂದು ಕಡೆ ಇಳಿದು ಅಕ್ಕಪಕ್ಕದ ಎಂಟೆಂಟು ಮನೆ ಮುಗಿಸಿದ್ದರು. ಸಂಖ್ಯೆ ಪೂರ್ತಿ, ಬಜೆಟ್ಟಲ್ಲೂ ಉಳಿತಾಯ. ಆದರೆ ಆ ಎಂಟು ಮನೆಯವರೂ ಒಂದೇ ಡಾಕ್ಟರ ಹತ್ತಿರ ಹೋಗುವವರು, ಎಷ್ಟೋ ಜನ ಒಂದೇ ಕುಟುಂಬದವರು. ಎಂಟು ಉತ್ತರದಲ್ಲಿ ಮೂರು ನಾಲ್ಕರಷ್ಟೇ ಹೊಸ ಮಾಹಿತಿ ಇತ್ತು. ನನಗೆ ಇದು ಗೊತ್ತಾದದ್ದು ಸಂದರ್ಶನದ ಸಮಯ ಮತ್ತು ಜಾಗ ನೋಡಿದಾಗ: ಒಂದೇ ದಿನ, ಹತ್ತಿಪ್ಪತ್ತು ನಿಮಿಷದ ಅಂತರದಲ್ಲಿ. ಗುಡ್ಡದಲ್ಲಿ ಅದು ಆಗುವ ಮಾತೇ ಅಲ್ಲ.

ಗುಂಪಾಗಿ ತಗೊಳ್ಳುವುದು ತಪ್ಪಲ್ಲ. ಹಾಗೆ ಮಾಡುವುದಾದರೆ ಮೊದಲೇ ಯೋಜನೆ ಮಾಡಬೇಕು, ಎಷ್ಟು ಕಡೆ ಇಳಿಯಬೇಕು, ಒಂದೊಂದು ಕಡೆ ಎಷ್ಟು ಮನೆ ಎಂದು ಬೇರೆಯೇ ಲೆಕ್ಕ ಹಾಕಬೇಕು. ಬಂಗಾಳದ ಸೆಣಬಿನ ಬೆಳೆಯ ಸರ್ವೆಗಳಲ್ಲಿ ಮಹಾಲನೋಬಿಸ್ ಅವರು ಓಡಾಟದ ಸಮಯವನ್ನೂ ಖರ್ಚಿನ ಲೆಕ್ಕದೊಳಗೆ ತಂದಿದ್ದರು. 1944ರಲ್ಲಿ ಪ್ರಕಟವಾದ ಆ ಕೆಲಸ ನನಗೆ ಇವತ್ತಿಗೂ ಬಹಳ ಇಷ್ಟ.

ಕೊನೆಗೆ ಒಂದು ಮಾತು, ಹಂಚಿಕೆ ಸರಿ ಮಾಡಿ ಸರಾಸರಿಯಲ್ಲಿ ಎಡವುವವರನ್ನು ಬಹಳ ನೋಡಿದ್ದೇನೆ. ನಮ್ಮ 840 ಮನೆಗಳಲ್ಲಿ ಪೇಟೆಯದ್ದು ನೂರಕ್ಕೆ 57. ತಾಲ್ಲೂಕಿನಲ್ಲಿ ಪೇಟೆ ಮನೆಗಳು ಇರುವುದು ನೂರಕ್ಕೆ 40. 840 ಉತ್ತರಗಳನ್ನು ಕೂಡಿ 840ರಿಂದ ಭಾಗಿಸಿದರೆ ಸಿಗುವುದು ಪೇಟೆ ಕಡೆಗೆ ವಾಲಿದ ಸಂಖ್ಯೆ. ಪೇಟೆಯ ಒಂದು ಮನೆ ಸುಮಾರು 42 ಮನೆಗಳ ಪರವಾಗಿ ನಿಂತಿದೆ, ಊರುಗಳ ಮತ್ತು ಗುಡ್ಡದ ಒಂದೊಂದು ಮನೆ ಸುಮಾರು 83ರ ಪರವಾಗಿ. ಡೇಟಾ ಫೈಲಿನಲ್ಲಿ ಈ ತೂಕಕ್ಕೆ ಒಂದು ಕಾಲಂ ಮೊದಲ ದಿನವೇ ಇಡಿ.