ಮೂರೂವರೆ ಫ್ಯಾಟ್ ಮತ್ತು 3.5ನೇ ಆವೃತ್ತಿ

ಕೋಲಾರದ ನಮ್ಮ ಪುಟ್ಟ ಕಚೇರಿಯಲ್ಲಿ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಿಗಾಗಿ ಒಂದು ತಂತ್ರಾಂಶವನ್ನು ನೋಡಿಕೊಳ್ಳುತ್ತೇವೆ. ರೈತರು ತಂದ ಹಾಲಿನ ತೂಕವನ್ನೂ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶದ, ಅಳತೆಯನ್ನೂ ಯಂತ್ರಗಳಿಂದ ನೇರವಾಗಿ ಓದಿ, ಲೀಟರಿಗೆ ಎಷ್ಟು ಎಂದು ಲೆಕ್ಕ ಹಾಕಿ, ಚೀಟಿ ಮುದ್ರಿಸಿ ಕೊಡುವುದು ಅದರ ಕೆಲಸ. ಅದರ ಆವೃತ್ತಿಯನ್ನು 3.5ರಿಂದ 3.6ಕ್ಕೆ ಏರಿಸಬೇಕಾಗಿದ್ದ ದಿನ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಆವೃತ್ತಿ ಸಂಖ್ಯೆ ನಾಲ್ಕು ಕಡೆ ಇತ್ತು: ಮುಖ್ಯ ಪ್ರೋಗ್ರಾಮಿನ ಒಂದು ಫೈಲಿನಲ್ಲಿ, ಇನ್‌ಸ್ಟಾಲರ್ ತಯಾರಿಸುವ ಫೈಲಿನಲ್ಲಿ, ಚೀಟಿಯ ಅಡಿಸಾಲಿನಲ್ಲಿ ಮತ್ತು ಕೈಪಿಡಿಯ ಮೊದಲ ಪುಟದಲ್ಲಿ. ಒಂದೊಂದನ್ನೇ ತೆರೆಯುವ ಬದಲು, 3.5 ಕಂಡಲ್ಲೆಲ್ಲ 3.6 ಮಾಡು ಎಂದು ಇಡೀ ಫೋಲ್ಡರಿಗೆ ಒಂದೇ ಆದೇಶ ಕೊಟ್ಟೆ.

```
git ls-files | xargs sed -i 's/3.5/3.6/g'
```

ಮೊದಲ ಪೆಟ್ಟು ಸದ್ದು ಮಾಡಿಕೊಂಡೇ ಬಂತು. ತೂಕದ ಯಂತ್ರದೊಂದಿಗೆ ಮಾತನಾಡಲು ನಾವು ಬಳಸುವ `pyserial` ಎಂಬ ಲೈಬ್ರರಿಯ ಆವೃತ್ತಿಯೂ ಕಾಕತಾಳೀಯವಾಗಿ 3.5 ಆಗಿತ್ತು. ನನ್ನ ಆದೇಶ ಅದನ್ನೂ ಬದಲಿಸಿ `pyserial==3.6` ಮಾಡಿತ್ತು. ಅಂಥ ಆವೃತ್ತಿ ಸಿಗದ ಕಾರಣ `pip` ಕೂಡಲೇ `No matching distribution found` ಎಂದು ನಿಂತುಬಿಟ್ಟಿತು. ಆ ಸಾಲನ್ನು ಮೊದಲಿನಂತೆ ಮಾಡಿದೆ, ಪರೀಕ್ಷೆಗಳನ್ನು ಓಡಿಸಿದೆ, ಎಲ್ಲವೂ ಪಾಸಾದವು. ಸಿಕ್ಕಿದ ಒಂದು ತಪ್ಪೇ ಇದ್ದ ಒಂದೇ ತಪ್ಪು ಎಂದು ನಂಬಿ, ಸಂಜೆಯ ಹೊತ್ತಿಗೆ ಒಂದು ಸಂಘದ ಕಂಪ್ಯೂಟರಿಗೆ ಹೊಸ ಆವೃತ್ತಿಯನ್ನು ಹಾಕಿ ಮನೆಗೆ ಹೋದೆ.

ಮರುದಿನ ಬೆಳಗಿನ ಏಳು ಗಂಟೆಗೆ ಆ ಸಂಘದ ಕಾರ್ಯದರ್ಶಿಯವರ ಫೋನ್ ಬಂತು. "ಸಾರ್, ಮೂರೂವರೆ ಫ್ಯಾಟಿಗೆ ನಿನ್ನೆ ಮೂವತ್ನಾಲ್ಕು ರೂಪಾಯಿ ಬಂದಿತ್ತು, ಇವತ್ತು ಮೂವತ್ಮೂರು ಎಪ್ಪತ್ತು ತೋರಿಸ್ತಾ ಐತೆ. ದರ ಏನಾದ್ರೂ ಇಳಿಸವ್ರಾ?"

ಅವರ ಬಾಯಿಂದ "ಮೂರೂವರೆ" ಎಂಬ ಮಾತು ಕೇಳಿದ ಕ್ಷಣವೇ ಆಗಿದ್ದೇನು ಎಂದು ಹೊಳೆಯಿತು. ನಾವು ಫ್ಯಾಟನ್ನು ಮೂರೂವರೆ ಎನ್ನುತ್ತೇವೆ, ಆವೃತ್ತಿಯನ್ನು ಮೂರು ಪಾಯಿಂಟ್ ಐದು ಎನ್ನುತ್ತೇವೆ. ಮಾತಿನಲ್ಲಿ ಅವೆರಡೂ ಎಂದೂ ಒಂದಾಗಿರಲಿಲ್ಲ. ಫೈಲಿನಲ್ಲಿ ಮಾತ್ರ ಎರಡೂ ಅದೇ ಮೂರು ಅಕ್ಷರಗಳು. ದರದ ಲೆಕ್ಕದ ಫೈಲಿನಲ್ಲಿ ಹೀಗಿತ್ತು:

```
base_rate = 34.00
base_fat = 3.5
base_snf = 8.5
fat_step = 0.30
```

ಆಧಾರ ಫ್ಯಾಟಿಗಿಂತ ಪ್ರತಿ 0.1 ಹೆಚ್ಚಿದ್ದರೆ ಮೂವತ್ತು ಪೈಸೆ ಕೂಡುತ್ತದೆ, ಕಡಿಮೆಯಾದರೆ ಅಷ್ಟೇ ಕಳೆಯುತ್ತದೆ. `base_fat` 3.6 ಆದದ್ದರಿಂದ ಅಂದು ಹಾಲು ಹಾಕಿದ ಪ್ರತಿಯೊಬ್ಬರಿಗೂ ಲೀಟರಿಗೆ ಮೂವತ್ತು ಪೈಸೆ ಕಡಿಮೆ ಬಿದ್ದಿತ್ತು. ಹತ್ತು ಲೀಟರ್ ಹಾಕಿದವರಿಗೆ ಮೂರು ರೂಪಾಯಿ. ಯಾವ ಎಚ್ಚರಿಕೆಯೂ ಇಲ್ಲ, ಯಾವ ದೋಷದ ಸಂದೇಶವೂ ಇಲ್ಲ, ಚೀಟಿ ನೋಡಲು ಸರಿಯಾಗಿಯೇ ಇತ್ತು. ಕಾರ್ಯದರ್ಶಿಯವರು ಹಿಂದಿನ ದಿನದ ದರವನ್ನು ನೆನಪಿಟ್ಟುಕೊಂಡಿರದಿದ್ದರೆ ಅದು ಬಟವಾಡೆಯವರೆಗೂ ಹಾಗೆಯೇ ಹೋಗುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಪರೀಕ್ಷೆಗಳು ಏಕೆ ಹಿಡಿಯಲಿಲ್ಲ ಎಂಬ ಪ್ರಶ್ನೆ. ಫೈಲು ತೆರೆದು ನೋಡಿದಾಗ ಉತ್ತರ ಎದುರಿಗೇ ಇತ್ತು. "3.5 ಫ್ಯಾಟ್, 8.5 ಎಸ್‌ಎನ್‌ಎಫ್ ಇದ್ದರೆ ದರ 34.00 ಬರಬೇಕು" ಎಂದು ನಾವು ಬರೆದಿದ್ದ ಪರೀಕ್ಷೆಯನ್ನೂ ಅದೇ ಆದೇಶ "3.6 ಫ್ಯಾಟ್ ಇದ್ದರೆ 34.00 ಬರಬೇಕು" ಎಂದು ತಿದ್ದಿತ್ತು. ತೂಗುವ ಕಲ್ಲೂ ತಕ್ಕಡಿಯೂ ಒಟ್ಟಿಗೆ ಬದಲಾಗಿದ್ದವು. ಹೀಗಾಗಿ ತೂಕ ಸರಿಯೆಂದೇ ತೋರಿತ್ತು. ಎಲ್ಲ ಫೈಲುಗಳಲ್ಲೂ ಒಟ್ಟಿಗೆ ಬದಲಾವಣೆ ಮಾಡಿದ ಮೇಲೆ ಪರೀಕ್ಷೆಗಳು ಪಾಸಾದರೆ ಅದನ್ನು ಸಾಕ್ಷಿಯೆಂದು ಒಪ್ಪಿಕೊಳ್ಳುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಕಚೇರಿಗೆ ಬಂದ ಕಿರಿಯ ಸಹೋದ್ಯೋಗಿ, 3.6 ಇರುವುದನ್ನೆಲ್ಲ ಮತ್ತೆ 3.5 ಮಾಡಿಬಿಡೋಣ ಎಂದರು. ಅದು ಆಗದು ಎಂಬುದನ್ನು ಗೋಡೆಗೆ ಅಂಟಿಸುವ ದರಪಟ್ಟಿ ತೋರಿಸಿತು. ಅದರಲ್ಲಿ ಮೊದಲು 3.4, 3.5, 3.6 ಎಂಬ ಮೂರು ಸಾಲುಗಳಿದ್ದವು, ಈಗ 3.4 ಆದ ಮೇಲೆ 3.6ರ ಎರಡು ಸಾಲು ಒಂದರ ಕೆಳಗೊಂದು ಕೂತಿದ್ದವು. ಯಾವುದು ಮೂಲದಲ್ಲೇ 3.6 ಆಗಿತ್ತು, ಯಾವುದು ನಮ್ಮಿಂದ ಆದದ್ದು ಎಂಬ ಗುರುತು ಅಳಿಸಿಹೋಗಿತ್ತು. ಹಿಂದಕ್ಕೆ ಬದಲಿಸಿದ್ದರೆ ಎರಡೂ 3.5 ಆಗುತ್ತಿದ್ದವು. ಆದ್ದರಿಂದ `git revert` ಮಾಡಿ ಹಿಂದಿನ ಸ್ಥಿತಿಗೇ ಮರಳಿದೆವು, ಸಂಘದ ಕಂಪ್ಯೂಟರಿಗೆ ಹಳೆಯ ಆವೃತ್ತಿಯನ್ನು ಹಾಕಿ ಬೆಳಗಿನ ಲೆಕ್ಕವನ್ನು ಮತ್ತೆ ಮಾಡಿಸಿದೆವು.

ಆಮೇಲೆ ಆ ಬದಲಾವಣೆಯನ್ನು ಸಾಲು ಸಾಲಾಗಿ ಓದಿದಾಗ ಇನ್ನೊಂದು ಕಂಡಿತು. ಮಾದರಿ ಚೀಟಿಯಲ್ಲಿ 345 ಎಂಬ ಸದಸ್ಯ ಸಂಖ್ಯೆ 3.6 ಆಗಿತ್ತು. `sed` ಹುಡುಕಾಟದಲ್ಲಿ ಚುಕ್ಕಿ ಎಂದರೆ ಚುಕ್ಕಿಯಲ್ಲ, ಯಾವುದಾದರೂ ಒಂದು ಅಕ್ಷರ. ಚುಕ್ಕಿಯೇ ಬೇಕೆಂದರೆ ಹುಡುಕುವ ಭಾಗದಲ್ಲಿ ಅದರ ಹಿಂದೆ ಓರೆಗೆರೆ ಹಾಕಿ `3\.5` ಎಂದು ಬರೆಯಬೇಕು. ಹಾಗೆ ಬರೆದಿದ್ದರೂ 13.5.2024 ಎಂಬ ದಿನಾಂಕದೊಳಗಿನ 3.5 ಸಿಕ್ಕಿಯೇ ಸಿಗುತ್ತಿತ್ತು ಎಂಬುದು ಬೇರೆ ಮಾತು.

ಎರಡನೆಯ ಸಲ ಬದಲಿಸುವ ಮೊದಲು ಹುಡುಕಿದೆವು, ಎಣಿಸಿದೆವು. `-F` ಎಂದರೆ ಕೊಟ್ಟದ್ದನ್ನು ಅಕ್ಷರಶಃ ಹುಡುಕು ಎಂದರ್ಥ.

```
git grep -n -F '3.5'
git grep -n -F '3.6'
```

ಮೊದಲನೆಯದಕ್ಕೆ 23 ಸಾಲು, ಎರಡನೆಯದಕ್ಕೆ 6 ಸಾಲು ಬಂದವು. ಆ 23 ಸಾಲುಗಳನ್ನು ಕಾಗದದ ಮೇಲೆ ಮುದ್ರಿಸಿ, ಇಬ್ಬರೂ ಕೂತು, ಪ್ರತಿ ಸಾಲಿನ ಪಕ್ಕದಲ್ಲಿ ಅದು ಏನೆಂದು ಬರೆದೆವು: ಫ್ಯಾಟ್, ಲೈಬ್ರರಿ, ದಿನಾಂಕ, ಆವೃತ್ತಿ. ಇವುಗಳಲ್ಲಿ ಕಷ್ಟವಾದದ್ದು ಫ್ಯಾಟ್ ಅಲ್ಲ. ನಿಜವಾಗಿಯೂ ನಮ್ಮದೇ ಆವೃತ್ತಿಯಾಗಿದ್ದೂ ಬದಲಾಗಬಾರದಿದ್ದ ಸಾಲುಗಳು. ಬದಲಾವಣೆಗಳ ಇತಿಹಾಸದಲ್ಲಿ 3.5ರಲ್ಲಿ ಏನೇನು ಸೇರಿಸಿದೆವು ಎಂಬ ಬರಹವಿತ್ತು, ಅದು ಹಾಗೆಯೇ ಉಳಿಯಬೇಕು. ಇನ್ನೊಂದು ಕಡೆ ಹೀಗಿತ್ತು:

```
if db_version == "3.5":
    add_session_column()
```

ಹಳೆಯ ಆವೃತ್ತಿಯಿಂದ ಬರುವ ಸಂಘಗಳ ದಾಖಲೆಗೆ ಬೆಳಗು-ಸಂಜೆಯ ಅಂಕಣವನ್ನು ಸೇರಿಸುವ ಭಾಗ ಇದು. ಇಲ್ಲಿ 3.6 ಎಂದಾಗಿದ್ದರೆ ಹಳೆಯ ದಾಖಲೆಗಳಿಗೆ ಆ ಅಂಕಣವೇ ಬರುತ್ತಿರಲಿಲ್ಲ. ಈ ಸಾಲನ್ನು ಯಾವ ಜಾಣ ಹುಡುಕಾಟವೂ ಬೇರ್ಪಡಿಸಿ ಕೊಡಲಾರದು. ಅದನ್ನು ಓದಿ ಅರ್ಥ ಮಾಡಿಕೊಂಡೇ ನಿರ್ಧರಿಸಬೇಕು.

ಕೊನೆಗೆ ನಾಲ್ಕು ಫೈಲುಗಳನ್ನು ಒಂದೊಂದಾಗಿ, ಸಂಖ್ಯೆಯ ಜೊತೆಗೆ ಅದರ ಅಕ್ಕಪಕ್ಕದ ಪದಗಳನ್ನೂ ಸೇರಿಸಿ ಬದಲಿಸಿದೆವು.

```
sed -i 's/^VERSION = "3\.5"$/VERSION = "3.6"/' version.py
```

ಸಾಲಿನ ಆರಂಭ, ಹೆಸರು, ಉದ್ಧರಣ ಚಿಹ್ನೆ, ಸಾಲಿನ ಅಂತ್ಯ ಎಲ್ಲವೂ ಹೊಂದಿದರೆ ಮಾತ್ರ ಇದು ಕೈ ಹಾಕುತ್ತದೆ. ಹೊಂದದಿದ್ದರೆ ಏನೂ ಹೇಳದೆ ಸುಮ್ಮನಿರುತ್ತದೆ, ಆದ್ದರಿಂದ ಮುಗಿದ ಮೇಲೆ ಎಣಿಕೆ ಬೇಕೇ ಬೇಕು. ಈ ಸಲ 3.5 ಇರುವ ಸಾಲುಗಳು 23ರಿಂದ 19ಕ್ಕೆ ಇಳಿದವು, 3.6 ಇರುವವು 6ರಿಂದ 10ಕ್ಕೆ ಏರಿದವು. `git diff --stat` ಕೂಡ ನಾಲ್ಕು ಫೈಲು, ನಾಲ್ಕು ಸಾಲು ಎಂದೇ ತೋರಿಸಿತು. ಇಷ್ಟಾದ ಮೇಲೂ ನಾಲ್ಕು ಸಾಲುಗಳನ್ನು ಕಣ್ಣಾರೆ ಓದಿದೆವು.

ಅದರ ಮಾರನೆಯ ಬೆಳಿಗ್ಗೆ ಕಾರ್ಯದರ್ಶಿಯವರು ಮೊದಲ ಚೀಟಿಯ ಫೋಟೊ ಕಳುಹಿಸಿದರು. ಫ್ಯಾಟ್ 3.5, ದರ 34.00, ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಆವೃತ್ತಿ 3.6.