ಎಲೆಕ್ಟ್ರೋಡ್ ಸರಿಯಾಗೇ ಇತ್ತು

ನಾನು ನ್ಯೂರೋ ಲ್ಯಾಬಲ್ಲಿ ಟೆಕ್ನಿಷಿಯನ್. ಇದು ಕೆಲಸಕ್ಕೆ ಸೇರಿದ ಎರಡನೇ ವರ್ಷದ ಕತೆ. ಏಪ್ರಿಲ್ ತಿಂಗಳು, ಲಿಫ್ಟ್ ಕೆಟ್ಟಿತ್ತು, ಒಬ್ಬ ಟೀಚರ್ ಮೇಡಂ ಮೂರು ಮಹಡಿ ಹತ್ತಿ ಬೆವರು ಒರೆಸ್ಕೊಳ್ತಾ ವಿಇಪಿ ಟೆಸ್ಟಿಗೆ ಬಂದ್ರು. ಎಡಗಣ್ಣು ಎರಡು ವಾರದಿಂದ ಮಂಜು, ಕಣ್ಣು ಆಡಿಸಿದ್ರೆ ಒಳಗಿಂದ ನೋವು, ಕೆಂಪು ಬಣ್ಣ ಬಿಳಿಚಿಕೊಂಡ ಹಾಗೆ ಕಾಣುತ್ತೆ ಅಂತ ಚೀಟೀಲಿತ್ತು.

ವಿಇಪಿ ಅಂದ್ರೆ ದೊಡ್ಡದೇನಲ್ಲ, ಕಣ್ಣು ನೋಡಿದ್ದು ಮೆದುಳಿಗೆ ಎಷ್ಟು ಬೇಗ ಮುಟ್ಟುತ್ತೆ ಅಂತ ಅಳೆಯೋ ಟೆಸ್ಟು. ಸ್ಕ್ರೀನ್ ಮೇಲೆ ಚೆಸ್ ಬೋರ್ಡಿನ ಕಪ್ಪು-ಬಿಳಿ ಚೌಕಗಳು ಸೆಕೆಂಡಿಗೆ ಎರಡು ಸಲ ಅದಲುಬದಲಾಗ್ತವೆ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿಸ್ತೀವಿ, ತಲೆ ಹಿಂಭಾಗದ ಎಲೆಕ್ಟ್ರೋಡಲ್ಲಿ ನೂರು ಸಲದ ಸರಾಸರಿ ತಗೋತೀವಿ. ಸುಮಾರು 100 ಮಿಲಿಸೆಕೆಂಡಿಗೆ ಒಂದು ಅಲೆ ಏಳುತ್ತೆ, ಅದನ್ನೇ ಪಿ100 ಅನ್ನೋದು.

ಮೇಡಂಗೆ ಬಲಗಣ್ಣಲ್ಲಿ 103ಕ್ಕೆ ಚೆಂದದ ಅಲೆ ಬಂತು. ಎಡಗಣ್ಣಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ, ಬರೀ ಅಲುಗಾಟ. ನಾನು ಎಲೆಕ್ಟ್ರೋಡ್ ಲೂಸು ಅಂದ್ಕೊಂಡು ಕಿತ್ತು, ಉಜ್ಜಿ, ಪೇಸ್ಟ್ ಹಾಕಿ ಮತ್ತೆ ಅಂಟಿಸ್ದೆ, ಪಾಪ ಅವರ ಕೂದಲೆಲ್ಲ ಅಂಟಂಟು. ಅದೇ ಎಲೆಕ್ಟ್ರೋಡಲ್ಲಿ ಬಲಗಣ್ಣು ಚೆನ್ನಾಗಿ ಬಂದಿದೆ ಅಂದ್ಮೇಲೆ ತಪ್ಪು ಎಲೆಕ್ಟ್ರೋಡಿಂದಲ್ಲ ಅನ್ನೋದು ನನಗೆ ಹೊಳೀಲೇ ಇಲ್ಲ. ಅಷ್ಟರಲ್ಲಿ ಅವರೇ ಅಂದ್ರು, "ಸರ್, ಮೆಟ್ಲು ಹತ್ತಿದ್ಮೇಲೆ ಜಾಸ್ತಿ ಮಂಜಾಗಿದೆ. ಯುಗಾದಿಗೆ ಎಣ್ಣೆಸ್ನಾನ ಮಾಡಿದಾಗ್ಲೂ ಹಿಂಗೇ ಆಗಿತ್ತು, ಆಮೇಲೆ ತಾನೇ ಸರಿಹೋಯ್ತು."

ನಮ್ಮ ಡಾಕ್ಟ್ರಿಗೆ ಹೇಳಿದೆ. "ಅರ್ಧ ಗಂಟೆ ಎಸಿ ರೂಮಲ್ಲಿ ಕೂರ್ಸಿ, ಆಮೇಲೆ ಮಾಡಿ" ಅಂದ್ರು. ಕೂರ್ಸಿ ಮಾಡಿದೆ. ಅಲೆ ಬಂತು, 142ಕ್ಕೆ! ಎತ್ತರ ಪರವಾಗಿಲ್ಲ, ಆದ್ರೆ ಪಕ್ಕಾ ಲೇಟು.

ಆಗ ನನ್ನ ತಲೆ ಕೆಟ್ಟಿದ್ದು ಯಾಕಂದ್ರೆ ಕೈಕಾಲಿನ ನರದ ವೇಗ ಅಳೆಯೋ ಟೆಸ್ಟಾದ ಎನ್‌ಸಿವಿ ಮಾಡುವಾಗ ನಾವು ಉಲ್ಟಾ ಮಾಡ್ತೀವಿ, ಕೈ ತಣ್ಣಗಿದ್ರೆ ಸಿಗ್ನಲ್ ನಿಧಾನ ಆಗುತ್ತೆ ಅಂತ ಬಿಸಿ ಮಾಡ್ತೀವಿ. ಶಾಖ ಒಳ್ಳೇದಲ್ವಾ ಮತ್ತೆ?

ಡಾಕ್ಟ್ರು ಬಿಡಿಸಿ ಹೇಳಿದ್ರು. ನರತಂತು ಒಳಗೆ ಓಡೋ ಕರೆಂಟು ಗೋಡೆ ಮೂಲಕ ಸೋರ್ತಾ ಹೋಗುತ್ತೆ, ಜೊತೆಗೆ ಗೋಡೇನ ಚಾರ್ಜ್ ಮಾಡೋದಕ್ಕೂ ಒಂದಷ್ಟು ಖರ್ಚಾಗುತ್ತೆ. ಬರಿಮೈ ತಂತುವಾದ್ರೆ ಒಂದೊಂದು ಚೂರನ್ನೂ ಎಬ್ಬಿಸ್ಕೊಂಡು ಹೋಗ್ಬೇಕು, ಅದಕ್ಕೇ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೇ. ಮಯಲಿನ್ ಅಂದ್ರೆ ಪದರ ಪದರವಾಗಿ ಸುತ್ತಿದ ಕೊಬ್ಬಿನ ಹೊದಿಕೆ, ಅದು ಸೋರೋದನ್ನೂ ತಡೆಯುತ್ತೆ, ಆ ಖರ್ಚನ್ನೂ ಇಳಿಸುತ್ತೆ. ಸುಮಾರು ಒಂದು ಮಿಲಿಮೀಟರ್ ತನಕ ಹೊದಿಕೆ, ಆಮೇಲೆ ಪುಟ್ಟ ಸಂದು, ಕರೆಂಟನ್ನ ಒಳಗೆ ಬಿಡೋ ಬಾಗಿಲುಗಳಾದ ಸೋಡಿಯಂ ಚಾನೆಲ್‌ಗಳು ಗುಂಪುಗಟ್ಟಿರೋದು ಆ ಸಂದಲ್ಲೇ. ಸಿಗ್ನಲ್ ಅಲ್ಲಿ ಮಾತ್ರ ಹೊಸದಾಗಿ ಜೋರಾಗುತ್ತೆ, ನಡುವೆ ಸರ್ರಂತ ಹೋಗುತ್ತೆ. ಮುಂಗೈ ನರದಲ್ಲಿ ನಾವು ದಿನಾ ನೋಡೋ ಸೆಕೆಂಡಿಗೆ 50-60 ಮೀಟರ್ ವೇಗ ಬರೋದು ಹೀಗೆ.

ಇನ್ನು ಮೇಡಂಗೆ ಇರಬಹುದು ಅಂತ ಡಾಕ್ಟ್ರು ಅಂದ ಎಂಎಸ್, ಅಂದ್ರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ, ದೇಹದ ರಕ್ಷಣಾ ಪಡೆಯೇ ಮೆದುಳು, ಬೆನ್ನುಹುರಿ, ಕಣ್ಣಿನ ನರದ ಮಯಲಿನ್ ಮೇಲೆ ಬೀಳುತ್ತೆ. ಹೊದಿಕೆ ಹೋದ ಕಡೆ ಕರೆಂಟು ಸೋರಿಹೋಗುತ್ತೆ, ಮುಂದಿನ ಸಂದಿಗೆ ಮುಟ್ಟೋದು ಲೇಟು, ಇಲ್ಲಾಂದ್ರೆ ಮುಟ್ಟೋದೇ ಇಲ್ಲ. ಒಂದು ಸೆಂಟಿಮೀಟರ್ ಜಾಗದಲ್ಲಿ ಸೆಕೆಂಡಿಗೆ ಒಂದೇ ಮೀಟರ್ ವೇಗ ಅಂದ್ಕೊಳ್ಳಿ, ಅಲ್ಲೇ 10 ಮಿಲಿಸೆಕೆಂಡ್ ಹೋಯ್ತು.

ಶಾಖದ ವಿಷಯ ಏನಂದ್ರೆ, ಬಿಸಿಯಾದಾಗ ಆ ಚಾನೆಲ್‌ಗಳು ಬೇಗ ತೆಗೆದು ಬೇಗ ಮುಚ್ಕೊಳ್ತವೆ, ಒಳಗೆ ಬರೋ ಒಟ್ಟು ಕರೆಂಟು ಕಮ್ಮಿ ಆಗುತ್ತೆ. ಆರೋಗ್ಯವಾಗಿರೋ ನರದಲ್ಲಿ ಬೇಕಾದ್ದಕ್ಕಿಂತ ಐದಾರು ಪಟ್ಟು ಕರೆಂಟು ಇರುತ್ತೆ, ಹಾಗಾಗಿ ಲೆಕ್ಕಕ್ಕೇ ಬರಲ್ಲ, ವೇಗ ಇನ್ನೂ ಜಾಸ್ತಿನೇ ಆಗುತ್ತೆ. ಹೊದಿಕೆ ಹೋದ ನರದಲ್ಲಿ ಕಷ್ಟಪಟ್ಟು ದಾಟೋವಷ್ಟೇ ಇರೋದು, ಅರ್ಧ ಡಿಗ್ರಿ ಏರಿದ್ರೂ ಸಿಗ್ನಲ್ ಅಲ್ಲೇ ನಿಂತುಬಿಡಬಹುದು. ತಣ್ಣಗಾದ್ರೆ ಮತ್ತೆ ಓಡುತ್ತೆ, ಹೊಸ ಹಾನಿ ಏನೂ ಅಲ್ಲ. ಮೈ ದಣಿದಾಗ ಹೀಗೆ ಕಣ್ಣು ಮಂಜಾಗೋದನ್ನ ಜರ್ಮನಿಯ ಕಣ್ಣಿನ ಡಾಕ್ಟರ್ ಊಟಾಫ್ 1890ರಲ್ಲೇ ಬರೆದಿದ್ರು, ಎಂಆರ್‌ಐ ಬರೋ ಮುಂಚೆ ಬಿಸಿನೀರ ತೊಟ್ಟೀಲಿ ಕೂರ್ಸಿ ಎಂಎಸ್ ಇದ್ಯಾ ಅಂತ ನೋಡ್ತಿದ್ರಂತೆ.

ಮೇಡಂ ಫೈಲಲ್ಲಿ ಹೊರಗೆ ಮಾಡಿಸಿದ ಎನ್‌ಸಿವಿ ನಾರ್ಮಲ್ ಅಂತಿತ್ತು, ಅದನ್ನ ನೋಡಿ ಅವರ ಮನೆಯವರು "ನರ ಸರಿಯಾಗಿದ್ಯಲ್ಲ" ಅಂತಿದ್ರು. ಕೈಕಾಲಿನ ನರಕ್ಕೆ ಮಯಲಿನ್ ಸುತ್ತೋದು ಶ್ವಾನ್ ಕೋಶ, ಮೆದುಳಲ್ಲಿ ಸುತ್ತೋದು ಬೇರೆ ಕೋಶ, ಎಂಎಸ್ ಹೊಡೆಯೋದು ಆ ಎರಡನೇದನ್ನ. ಹಾಗಾಗಿ ಎನ್‌ಸಿವಿ ನಾರ್ಮಲ್ ಬರೋದೇ ಸಹಜ. ಹಂಗಂತ ವಿಇಪಿ ಲೇಟು ಬಂದ ಕೂಡ್ಲೇ ಎಂಎಸ್ ಅಂತಾನೂ ಅಲ್ಲ, ಅವರಿಗೆ ಅದು ಖಚಿತ ಆಗಿದ್ದು ಎಂಆರ್‌ಐಯಲ್ಲಿ ಮೆದುಳು, ಬೆನ್ನುಹುರಿ ಎರಡರಲ್ಲೂ ಕಲೆಗಳು ಕಂಡ್ಮೇಲೆ.

ನಾಲ್ಕು ತಿಂಗಳಾದ್ಮೇಲೆ ಮತ್ತೆ ಬಂದ್ರು, ಕಣ್ಣು 6/6, ಖುಷಿಯಾಗಿದ್ರು. ಪಿ100 ಮಾತ್ರ 131. ಮತ್ತೆ ಬೆಳೆಯೋ ಮಯಲಿನ್ ತೆಳು, ಸಂದುಗಳೂ ಹತ್ತಿರ ಹತ್ತಿರ, ಅದಕ್ಕೇ ಸಿಗ್ನಲ್ ತಲುಪುತ್ತೆ, ಆದ್ರೆ ತಡವಾಗಿ. ಆವತ್ತು ಟೆಸ್ಟಿಗೆ ಮುಂಚೆ ನಾನು ಕೇಳಿದ ಮೊದಲ ಪ್ರಶ್ನೆ, "ಮೇಡಂ, ಲಿಫ್ಟಲ್ಲಿ ಬಂದ್ರಾ, ಮೆಟ್ಲು ಹತ್ತಿ ಬಂದ್ರಾ?"